ಹದಿಮೂರು ಎಂದು ಬರೆಯಿರಿ

*ಮಾನ್ಯ ಸಂಪಾದಕರೇ, ನಾನು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ಕಳೆದ ಕೊಯ್ಲಿನಲ್ಲಿ, ಗುರುವಾರ 120 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ ಕ್ಯೂರಿಂಗ್‌ಗೆ ಕಳಿಸಬೇಕೆಂದು ಮೈಸೂರಿನಲ್ಲಿರುವ ನಮ್ಮ ಜನರಲ್ ಮ್ಯಾನೇಜರ್ ಹೇಳಿದ್ದರು. ಶನಿವಾರ ಅಕಾಲ ಮಳೆ ಬಂತು. 40 ಮೂಟೆಯಷ್ಟು ಒಣಗಿತ್ತು, ಉಳಿದದ್ದು ಮಂಗಳವಾರ ಸಂಜೆ ತೇವಾಂಶದ ಮೀಟರ್‌ನಲ್ಲಿ 13 ತೋರಿಸುತ್ತಿತ್ತು. ನಾನು ಮೊದಲು ಬರೆದದ್ದು: "ಸರ್, ಗುರುವಾರ ಲೋಡ್ ಕಳಿಸಲು ಆಗುವುದಿಲ್ಲ. ಹಸಿ ಕಾಫಿ ಕಳಿಸಿ ಅನ್ನುವುದು ಸರಿಯಲ್ಲ. ನವೆಂಬರ್‌ನಲ್ಲೇ ಟಾರ್ಪಾಲ್ ಕೇಳಿದ್ದೆ, ನೀವು ಕೊಡಿಸಿದ್ದರೆ ಈ ಗತಿ ಬರುತ್ತಿರಲಿಲ್ಲ." ತೋಟದ ರೈಟರು ಓದಿ, ಇದನ್ನು ಕಳಿಸಬೇಡಿ ಅಂದರು. ಮತ್ತೆ ಬರೆದೆ: "ಸರ್, ಮಳೆಯಿಂದಾಗಿ ಒಣಗಿಸುವಲ್ಲಿ ಸ್ವಲ್ಪ ತೊಂದರೆಯಾಗಿದೆ. ಲೋಡ್ ವಿಷಯವನ್ನು ಸಾಧ್ಯವಾದರೆ ಮರುಪರಿಶೀಲಿಸಬಹುದೇನೋ ಎಂದು ಅನಿಸುತ್ತದೆ." ಇದನ್ನು ಓದಿದರೆ ನನಗೇ ನಾಚಿಕೆ. ಕೊನೆಗೆ ಎರಡನ್ನೂ ಕಳಿಸದೆ ಫೋನ್ ಮಾಡಿ ತಡವರಿಸಿದೆ. ಒರಟೂ ಆಗದೆ, ಜಾರಿಕೊಂಡ ಹಾಗೂ ಆಗದೆ ಬರೆಯುವುದು ಹೇಗೆ? — ಒಬ್ಬ ಓದುಗ*

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲ ಒಂದು ಸಂಗತಿ ಕಣ್ಣಿಗೆ ಬಿತ್ತು. ನನಗೆ ಬರೆದ ಕಾಗದದಲ್ಲಿ 40 ಇದೆ, 13 ಇದೆ, ಶನಿವಾರ ಇದೆ. ನಿಮ್ಮ ಮ್ಯಾನೇಜರಿಗೆ ಬರೆದ ಎರಡು ಕರಡಿನಲ್ಲಿ ಇವು ಒಂದೂ ಇಲ್ಲ. ಮೊದಲನೆಯದರಲ್ಲಿ ಆ ಜಾಗವನ್ನು ಸಿಟ್ಟು ತುಂಬಿದೆ, ಎರಡನೆಯದರಲ್ಲಿ ಸಂಕೋಚ ತುಂಬಿದೆ. ಮೈಸೂರಿನಲ್ಲಿ ಕೂತು ಓದುವವರಿಗೆ ಎರಡರಿಂದಲೂ ಗೊತ್ತಾಗುವುದು ಒಂದೇ: ತೋಟದಲ್ಲಿ ಏನೋ ಸರಿಯಿಲ್ಲ. ಏನು, ಎಷ್ಟು, ಯಾವಾಗ ಸರಿಹೋಗುತ್ತದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ನಾನು ಮಾತಿನ ಹದಕ್ಕಿಂತ ಮೊದಲು ಮೀಟರಿನ ಬಳಿಗೆ ಹೋಗುತ್ತೇನೆ. ಪಾರ್ಚ್‌ಮೆಂಟಿನ ತೇವಾಂಶ ಶೇಕಡಾ 10ಕ್ಕೆ ಇಳಿಯಬೇಕು ಎಂಬುದು ನಿಮಗೂ ಗೊತ್ತು, ಅವರಿಗೂ ಗೊತ್ತು. 13 ಎಂದು ಬರೆದ ಮೇಲೆ "ಹಸಿ ಕಾಫಿ ಕಳಿಸಿ ಅನ್ನುವುದು ಸರಿಯಲ್ಲ" ಎಂದು ಬರೆಯುವ ಅಗತ್ಯವೇ ಉಳಿಯುವುದಿಲ್ಲ. ಆ ತೀರ್ಪನ್ನು ಓದುವವರೇ ಕೊಟ್ಟುಕೊಳ್ಳುತ್ತಾರೆ, ತಾವೇ ಕೊಟ್ಟುಕೊಂಡ ತೀರ್ಪು ಯಾರಿಗೂ ಚುಚ್ಚುವುದಿಲ್ಲ. ಆದರೆ ಆ ಅಂಕಿ ಗಟ್ಟಿಯಾಗಿರಬೇಕು. ಕಣದಿಂದ ಬಿಸಿಬಿಸಿ ಬೀಜವನ್ನು ಎತ್ತಿ ಮೀಟರಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ನಾಲ್ಕೈದು ಕಡೆಯಿಂದ ತೆಗೆದು, ಆರಲು ಬಿಟ್ಟು ನೋಡಿದ್ದೀರಿ ಎಂದಾದರೆ ಮಾತ್ರ 13 ಎಂದು ಬರೆಯಿರಿ. ಹಲ್ಲಿನಲ್ಲಿ ಕಚ್ಚಿ ನೋಡಿದ ಅಂದಾಜನ್ನು ಅಂಕಿಯ ವೇಷದಲ್ಲಿ ಕಳಿಸಬೇಡಿ.

ಇನ್ನು ಮಾತಿಗೆ ಬರೋಣ. ನಿಮ್ಮ ಮೊದಲ ಕರಡಿನಲ್ಲಿ ಯಾವ ಪದ ಒರಟು? ಒಂದು ಬೈಗುಳವೂ ಇಲ್ಲ, "ಸರ್" ಕೂಡ ಇದೆ. ಆದರೂ ರೈಟರು ಬೇಡ ಅಂದರು, ಸರಿಯಾಗಿಯೇ ಅಂದರು. ಕನ್ನಡದಲ್ಲಿ ಒರಟುತನ ದೊಡ್ಡ ಪದಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಬಾಲಗಳಲ್ಲಿ ಇರುತ್ತದೆ. "ನವೆಂಬರ್‌ನಲ್ಲಿ ಟಾರ್ಪಾಲ್ ಕೇಳಿದ್ದೆ" ಎಂದರೆ ಅದು ಒಂದು ಸಂಗತಿ. "ನವೆಂಬರ್‌ನಲ್ಲೇ ಕೇಳಿದ್ದೆ" ಎಂದ ಕೂಡಲೇ ಅದು ಆರೋಪ. ಒಂದು ಏಕಾರ ಇಷ್ಟು ಕೆಲಸ ಮಾಡುತ್ತದೆ. "ನೀವು ಹೇಳಿದ್ದು" ಎಂಬುದಕ್ಕೂ "ನೀವು ಅನ್ನುವುದು" ಎಂಬುದಕ್ಕೂ ಇರುವ ದೂರವೂ ಅಂಥದ್ದೇ. ಎರಡನೆಯದರಲ್ಲಿ ಆ ಮಾತಿಗೆ ಬೆಲೆಯಿಲ್ಲ ಎಂಬ ಸೂಚನೆ ಬಂದುಬಿಡುತ್ತದೆ. "ಕೊಡಿಸಿದ್ದರೆ ಬರುತ್ತಿರಲಿಲ್ಲ" ಎಂಬುದಂತೂ ಆಗಿಹೋದದ್ದರ ಲೆಕ್ಕ ಕೇಳುವ ವಾಕ್ಯ. ಅದಕ್ಕೆ ಉತ್ತರ ಕೊಡಲು ಹೊರಟ ಮನುಷ್ಯ ಗುರುವಾರದ ಲಾರಿಯನ್ನು ಮರೆಯುತ್ತಾನೆ.

ಇದನ್ನು ಎದುರೆದುರು ಹೇಳಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ನಮ್ಮ ಕೊಡಗಿನಲ್ಲಿ ಮನೆಯೊಳಗೆ ಕೊಡವ ತಕ್ಕೋ, ಅರೆಭಾಷೆಯೋ, ಮಲಯಾಳವೋ ಆಡಿ, ಕಾಗದಕ್ಕೆ ಬಂದಾಗ ಕನ್ನಡ ಬರೆಯುವವರು ತುಂಬಾ. ಕಣದಲ್ಲಿ ನಿಂತು ನೇರವಾಗಿ ಮಾತಾಡುವಾಗ ದನಿಯೂ ಮುಖವೂ ಜೊತೆಗಿರುತ್ತವೆ, ಮಾತು ಎಷ್ಟೇ ನೇರವಾದರೂ ಸಲಿಗೆ ಕಾಣುತ್ತದೆ. ಫೋನಿನ ಪರದೆಗೆ ಹೋಗುವುದು ಏಕಾರ ಮಾತ್ರ.

ನಿಮ್ಮ ಎರಡನೆಯ ಕರಡು ನನಗೆ ಮೊದಲನೆಯದಕ್ಕಿಂತ ಹೆಚ್ಚು ಚಿಂತೆ ಕೊಟ್ಟಿತು, ಅದಕ್ಕೆ ಕಾರಣವಿದೆ. ನಾನು ಚಿಕ್ಕ ವಯಸ್ಸಿನಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ಹುತ್ತರಿ ಹಬ್ಬದ ಪುಟ ನನ್ನ ಕೈಗೆ ಬಂತು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುವ ಸಮಯಗಳು ನಿಮಗೆ ಗೊತ್ತೇ ಇವೆ: ನೆರೆ ಕಟ್ಟುವುದಕ್ಕೆ ಒಂದು, ಕದಿರು ತೆಗೆಯುವುದಕ್ಕೆ ಒಂದು, ಊಟಕ್ಕೆ ಒಂದು. ನಮ್ಮ ಮುಖ್ಯಸ್ಥರು ಬರೆದುಕೊಟ್ಟ ಪ್ರತಿಯಲ್ಲಿ ಕದಿರು ತೆಗೆಯುವ ಸಮಯ ತಪ್ಪಾಗಿತ್ತು. ನನಗೆ ಅದು ಖಚಿತವಾಗಿ ಗೊತ್ತಿತ್ತು. ನಾನು ಚೀಟಿಯಲ್ಲಿ ಬರೆದದ್ದು ಇಷ್ಟು: "ಸರ್, ಹುತ್ತರಿ ಸಮಯವನ್ನು ಬಿಡುವಾದಾಗ ಇನ್ನೊಮ್ಮೆ ನೋಡಿಕೊಂಡರೆ ಒಳ್ಳೆಯದೇನೋ." ಅವರಿಗೆ ಬಿಡುವಾಗಲಿಲ್ಲ. ತಪ್ಪು ಸಮಯವೇ ಅಚ್ಚಾಯಿತು. ಮರುದಿನ ಬೆಳಗಿನಿಂದ ಮನೆಮನೆಗಳಿಂದ ಫೋನು. ಕರೆದು ಕೇಳಿದಾಗ ನಾನು ಚೀಟಿ ತೋರಿಸಿದೆ. ಅವರು ಅದನ್ನು ಓದಿ, "ತಪ್ಪಾಗಿದೆ ಅಂತ ಇದರಲ್ಲಿ ಎಲ್ಲಿದೆ?" ಎಂದರು. ಎಲ್ಲೂ ಇರಲಿಲ್ಲ. ಗೊತ್ತಿದ್ದ ತಪ್ಪಿಗೆ ನಾನು "ಏನೋ" ಅಂಟಿಸಿದ್ದೆ.

ಆಮೇಲಿಂದ ನನಗೊಂದು ರೂಢಿ ಬಿದ್ದಿದೆ. ಬರೆದದ್ದನ್ನು ಕಳಿಸುವ ಮುನ್ನ ಪ್ರತಿ "ಏನೋ", "ಅನಿಸುತ್ತದೆ", "ಸ್ವಲ್ಪ"ದ ಮೇಲೆ ಬೆರಳಿಟ್ಟು, ನನಗೆ ನಿಜಕ್ಕೂ ಅನುಮಾನವಿದೆಯೇ ಎಂದು ಕೇಳಿಕೊಳ್ಳುತ್ತೇನೆ. ನಾಳೆ ಬಿಸಿಲು ಬರುತ್ತದೋ ಇಲ್ಲವೋ ಎಂಬಲ್ಲಿ ಅನುಮಾನ ಪ್ರಾಮಾಣಿಕ, ಅಲ್ಲಿ ಅದು ಇರಲಿ. ತೇವಾಂಶ 13 ಎಂಬಲ್ಲಿ ಅನುಮಾನವಿಲ್ಲ, ಅಲ್ಲಿ ಬೇಡ. ನಿಮ್ಮ ಕರಡಿನ "ಸ್ವಲ್ಪ ತೊಂದರೆ" 80 ಮೂಟೆಯನ್ನು ಮುಚ್ಚಿಟ್ಟಿದೆ. "ಮರುಪರಿಶೀಲಿಸಬಹುದು" ಎಂಬುದರಲ್ಲಿ ಏನು ಮಾಡಬೇಕು ಎಂದೇ ಇಲ್ಲ.

ಹಾಗಾದರೆ ಮೃದುವಾಗಿಸುವುದು ಯಾವುದನ್ನು? ಮನುಷ್ಯನ ಕಡೆ ತಿರುಗಿರುವ ಮಾತುಗಳನ್ನು ಮಾತ್ರ. ಕಾಫಿಯ ಕಡೆ ತಿರುಗಿರುವ ಮಾತುಗಳು ಗಟ್ಟಿಯಾಗಿಯೇ ಇರಲಿ. ನಾನಾಗಿದ್ದರೆ ಆ ಮಂಗಳವಾರ ಸಂಜೆ ಹೀಗೆ ಬರೆಯುತ್ತಿದ್ದೆ:

"ಸರ್, ಗುರುವಾರದ ಲೋಡ್ ವಿಷಯ. 120 ಮೂಟೆಯಲ್ಲಿ 40 ಸಿದ್ಧವಾಗಿದೆ, ತೇವಾಂಶ 10. ಉಳಿದ 80 ಶನಿವಾರದ ಮಳೆಗೆ ಸಿಕ್ಕಿತು, ಇವತ್ತು ಸಂಜೆ 13 ಇದೆ. ಈ ತೇವದಲ್ಲಿ ಮೂಟೆ ಕಟ್ಟಿದರೆ ಒಳಗೇ ಬೂಷ್ಟು ಹಿಡಿದು ಬೀಜ ಬಣ್ಣಗೆಡುತ್ತದೆ. ಬಿಸಿಲು ಹೀಗೇ ಇದ್ದರೆ ಸೋಮವಾರದ ಹೊತ್ತಿಗೆ 10ಕ್ಕೆ ಬರಬಹುದು. ಗುರುವಾರ 40, ಸೋಮವಾರ 80 ಕಳಿಸಲೇ? ಒಣಗಿದಾಗ ಈ 80 ಮೂಟೆಯ ತೂಕ ಸುಮಾರು 130 ಕೆ.ಜಿ. ಇಳಿಯುತ್ತದೆ. ಲಾರಿಯವರಿಗೆ ಹೇಳಬೇಕು, ನಾಳೆ ಮಧ್ಯಾಹ್ನದೊಳಗೆ ತಿಳಿಸಿ ಸರ್."

ಇದರಲ್ಲಿ "ಆಗುವುದಿಲ್ಲ" ಎಂಬ ಮಾತೇ ಇಲ್ಲ ಎಂಬುದನ್ನು ನೋಡಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಗುರುವಾರ ಕಳಿಸಲು ಆಗುವುದಿಲ್ಲ" ಎಂದರೆ ಓದುವವರ ಕಿವಿಯಲ್ಲಿ ಉಳಿಯುವುದು ಆ "ಇಲ್ಲ". "ಸೋಮವಾರದ ಹೊತ್ತಿಗೆ ಬರಬಹುದು" ಎಂದಾಗ ಅದೇ ಸಂಗತಿ, ಆದರೆ ಮಾತು ದಾರಿಯಿರುವ ಕಡೆ ನಿಲ್ಲುತ್ತದೆ. ಇದು ಜಾರಿಕೊಳ್ಳುವುದಲ್ಲ, ಯಾಕೆಂದರೆ ದಿನ ಹೇಳಿದ್ದೀರಿ. ಸೋಮವಾರಕ್ಕೂ ಒಣಗುವುದಿಲ್ಲ ಎಂದು ಒಳಗೊಳಗೆ ಗೊತ್ತಿದ್ದು ಹೀಗೆ ಬರೆದರೆ ಮಾತ್ರ ಅದು ಸುಳ್ಳು.

ತೂಕದ ವಾಕ್ಯವನ್ನು ಯಾಕೆ ಸೇರಿಸಿದೆ ಎಂದು ನಿಮಗೆ ಅನಿಸಬಹುದು. ಮೂಟೆಗೆ 50 ಕೆ.ಜಿ.ಯಂತೆ 80 ಮೂಟೆ ಎಂದರೆ 4000 ಕೆ.ಜಿ. 13ರಿಂದ 10ಕ್ಕೆ ಇಳಿದಾಗ 3867ರ ಹತ್ತಿರ ನಿಲ್ಲುತ್ತದೆ. ಹೋಗುವುದು ಬರೀ ನೀರು, ಆದರೂ ಕ್ಯೂರಿಂಗ್‌ನ ತೂಕದ ಚೀಟಿಯಲ್ಲಿ ಅವರು ಮೊದಲ ಬಾರಿಗೆ ಅದನ್ನು ಕಂಡರೆ ನಿಮ್ಮ ಕಣದ ಬಗ್ಗೆ ಅನುಮಾನ ಬರುತ್ತದೆ. ನಿಮ್ಮ ಸಲಹೆಯ ನಷ್ಟವನ್ನು ನೀವೇ ಮೊದಲು ಹೇಳಿದರೆ, ಉಳಿದ ಮಾತನ್ನೂ ಅವರು ನಂಬುತ್ತಾರೆ. ಮೃದುವಾಗಿ ಬರೆದವರ ಮೇಲೆ ಬರುವ "ಏನೋ ಮುಚ್ಚಿಡುತ್ತಿದ್ದಾನೆ" ಎಂಬ ಅನುಮಾನಕ್ಕೆ ನನಗೆ ಗೊತ್ತಿರುವ ಮದ್ದು ಇದೊಂದೇ.

"ಮಳೆಗೆ ಸಿಕ್ಕಿತು" ಎಂದು ಬರೆದಿದ್ದೇನೆ, ಯಾರಿಂದ ಎಂದು ಹೇಳಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಟಾರ್ಪಾಲ್ ಸಾಲದೆ ನೆನೆದಿದ್ದರೆ, ಕೊಡಿಸದವರು ಯಾರು ಎಂಬುದು ಅವರಿಗೆ ಗೊತ್ತೇ ಇದೆ, ಅದನ್ನು ಬಿಡುವುದು ಮರ್ಯಾದೆ. ಆದರೆ ಇದ್ದ ಟಾರ್ಪಾಲನ್ನು ಆ ಸಂಜೆ ಹೊದಿಸಲು ನಿಮ್ಮವರೇ ಮರೆತಿದ್ದರೆ, "ಸಿಕ್ಕಿತು" ಎಂದು ಮಳೆಯ ಮೇಲೆ ಹಾಕುವುದು ಮರ್ಯಾದೆಯಲ್ಲ, ಬಚ್ಚಿಟ್ಟುಕೊಳ್ಳುವುದು. ಆಗ "ಶನಿವಾರ ಹೊದಿಸುವುದರಲ್ಲಿ ನಾವು ತಡಮಾಡಿದೆವು" ಎಂದೇ ಬರೆಯಬೇಕು. ಎದುರಿನವರ ತಪ್ಪಿನಲ್ಲಿ ಕರ್ತೃವನ್ನು ಬಿಡಬಹುದು, ನಮ್ಮದರಲ್ಲಿ ಬಿಡಬಾರದು.

ಟಾರ್ಪಾಲಿನ ದೂರು ನ್ಯಾಯವಾದದ್ದು, ಅದನ್ನು ನುಂಗಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅದು ಬೇರೆ ಕಾಗದ, ಅಷ್ಟೇ. ಲೋಡ್ ಹೋದ ಮೇಲೆ, ಎಲ್ಲರ ತಲೆ ತಣ್ಣಗಾದಾಗ ಬರೆಯಿರಿ: ಕಣದಲ್ಲಿ ಎಷ್ಟು ಟಾರ್ಪಾಲ್ ಇದೆ, ಎಷ್ಟು ಬೇಕು, ಈ ಸಲ ಎಷ್ಟು ಮೂಟೆ ನೆನೆಯಿತು, ಮುಂದಿನ ಕೊಯ್ಲಿಗೆ ಅಕ್ಟೋಬರ್ ಒಳಗೆ ಬಂದರೆ ಅನುಕೂಲ. ನವೆಂಬರ್‌ನಲ್ಲಿ ಕೇಳಿದ್ದನ್ನು ನೆನಪಿಸಬೇಕಾದರೆ ನೆನಪಿಸಿ, ಏಕಾರವಿಲ್ಲದೆ.

ಇನ್ನೆರಡು ಸಣ್ಣ ಮಾತು. ದಿನವೂ "ನೀವು" ಎನ್ನುವವರಿಗೆ ಬೇಸರದ ದಿನ ಮಾತ್ರ "ತಾವು" ಎಂದು ಬರೆಯಬೇಡಿ, ಅದು ಗೌರವದಂತೆ ಕಾಣದೆ ದೂರ ನಿಂತಂತೆ ಕಾಣುತ್ತದೆ. "ತಮ್ಮ ಗಮನಕ್ಕೆ ತರಬಯಸುತ್ತೇನೆ" ಎಂಬುದೂ ಹಾಗೆಯೇ, ಕಡತಕ್ಕೆ ಸಾಕ್ಷಿ ಕೂಡಿಡುವವರ ಭಾಷೆ.

ಇಷ್ಟೆಲ್ಲ ಸರಿಯಾಗಿ ಬರೆದ ಮೇಲೂ "ಎಲ್ಲಾ 120 ಗುರುವಾರವೇ ಕಳಿಸಿ" ಎಂದು ಉತ್ತರ ಬರಬಹುದು. ಅವರಿಗೆ ನಿಮಗೆ ಕಾಣದ ಯಾವುದೋ ಕಾರಣ ಇರಬಹುದು, ತೀರ್ಮಾನ ಅವರದು. ಆಗ ಮುನಿಸಿಕೊಂಡು ಬರೀ "ಓಕೆ ಸರ್" ಎಂದು ಕಳಿಸಬೇಡಿ. "ಸರಿ ಸರ್, ಗುರುವಾರ ಬೆಳಿಗ್ಗೆ 120 ಮೂಟೆಯೂ ಹೊರಡುತ್ತದೆ. 40 ಮತ್ತು 80ನ್ನು ಬೇರೆಬೇರೆ ಗುರುತು ಹಾಕಿ, 80ರ ತೇವಾಂಶವನ್ನು ಲೋಡ್ ಚೀಟಿಯಲ್ಲಿ ಬರೆದಿರುತ್ತೇನೆ. ಕ್ಯೂರಿಂಗ್‌ನವರು ಇಳಿಸಿದ ಕೂಡಲೇ ಆ 80ನ್ನು ಬಿಸಿಲಿಗೆ ಹಾಕಿದರೆ ಒಳ್ಳೆಯದು, ಅವರಿಗೆ ನಾನೇ ಫೋನ್ ಮಾಡಲೇ?" ಎಂದು ಕೇಳಿ.

— ಸಂಪಾದಕ