ನನ್ನ ಸಾಲು ನನ್ನದೇನಾ?

"ಬರೆದ ಮೇಲೆ ಓದಿದರೆ ನನ್ನ ಇಷ್ಟದ ಕವಿಯ ಧಾಟಿಯೇ ಕೇಳಿಸುತ್ತೆ. ಪ್ರಭಾವ ಯಾವುದು, ನಕಲು ಯಾವುದು ಅಂತ ಗೊತ್ತಾಗೋದು ಹೇಗೆ?"

ಮೊದಲು ಮಾತು ಬಿಟ್ಟು ಬರೀ ಲಯವನ್ನು 'ತಾನ ತಾನ' ಅಂತ ಗುನುಗಿ ನೋಡಿ. ಮುಂದಿನ ಸಾಲಾಗಿ ಆ ಕವಿಯ ಸಾಲೇ ನಾಲಿಗೆಗೆ ಬಂದರೆ ಅಲ್ಲಿ ಗುರುತು ಹಾಕಿ. ಮೂರು ಮಾತ್ರೆಯ ನಡೆ ಯಾರೊಬ್ಬರ ಸ್ವತ್ತೂ ಅಲ್ಲ, ಅದಕ್ಕೆ ಹೆದರಬೇಡಿ. ಅದೇ ನಡೆ, ಅದೇ ಜಾಗದಲ್ಲಿ ನಿಲುಗಡೆ, ಅದೇ ಬಗೆಯ ಪದ ಮೂರೂ ಒಟ್ಟಿಗೆ ಬಂದರೆ ಅದು ಎರವಲು.

ನನ್ನದೇ ಒಂದು ಸಾಲು ಹೀಗಿತ್ತು:

ಸಂಜೆ ಬಂತು ಬಾಗಿಲಲ್ಲಿ ನಿಂತೆ ನಿಂತೆ ನಾನು

ಮೂರು ಮೂರು ಮಾತ್ರೆಯ ಏಳು ಗಣ, ಎಲ್ಲೂ ತಪ್ಪಿಲ್ಲ. ಆದರೆ 'ನಿಂತೆ' ಎರಡು ಸಲ ಯಾಕೆ? ಒಂದನ್ನು ತೆಗೆದೆ. ಅರ್ಥ ಚೂರೂ ಕಡಿಮೆಯಾಗಲಿಲ್ಲ, ಮೂರು ಮಾತ್ರೆ ಮಾತ್ರ ಕಡಿಮೆಯಾಯಿತು. ಸಾಲಿನ ಕೊನೆಯ ಹತ್ತಿರ ಒಂದೇ ಪದವನ್ನು ಎರಡು ಸಲ ಹೇಳೋದು ನನ್ನ ಮೆಚ್ಚಿನ ಕವಿಯ ಅಭ್ಯಾಸ. ಅವರಲ್ಲಿ ಅದು ಭಾವವನ್ನು ಏರಿಸುತ್ತೆ. ನನ್ನಲ್ಲಿ ಸುಮ್ನೆ ಖಾಲಿ ಜಾಗ ತುಂಬಿತ್ತು, ಅಷ್ಟೇ.

ಆಗ ಆ ಸಂಜೆ ನಿಜವಾಗಿ ಏನಾಗಿತ್ತು ಅಂತ ನೆನಪು ಮಾಡಿಕೊಂಡೆ:

ಸಂಜೆ ಬಂತು.
ಒಂದೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ,
ಇನ್ನೊಂದು ಕೈಯಲ್ಲೇ ಇತ್ತು.

ಲಯ ಮುರಿಯಿತು, ನಿಜ. ಆದರೆ ಆ ಚಪ್ಪಲಿ ನನ್ನದು. ಬೇರೆ ಪದಗಳ ಬಗ್ಗೆ ಅನುಮಾನ ಇದ್ದರೆ ಡ್ರಾಫ್ಟನ್ನು ಒಂದೆರಡು ವಾರ ಮುಚ್ಚಿಡಿ. ಆಮೇಲೆ ಆ ಕವಿಯ ಸಂಕಲನದ ಪಕ್ಕ ಇಟ್ಟು, ವಿಶೇಷಣ ಮತ್ತು ನಾಮಪದ ಜೋಡಿಯಾಗಿ ಬಂದ ಕಡೆಯಷ್ಟೇ ಹೋಲಿಸಿ. ನನಗೆ ಜಾಸ್ತಿ ಸಿಕ್ಕಿಬಿದ್ದಿದ್ದು ಅಲ್ಲೇ.