ಮಾಡ್ಯೂಲ್ ಹ್ಯಾಂಡ್‌ಬುಕ್ಕನ್ನು ಕೊನೆಯ ಸೆಮಿಸ್ಟರ್‌ನಿಂದ ಹಿಂದಕ್ಕೆ ಓದಿ

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್, ಮೂರು ವರ್ಷಗಳಿಂದ ಚಾಕಣದ ಬಿಡಿಭಾಗಗಳ ಕಂಪನಿಯೊಂದರಲ್ಲಿದ್ದೇನೆ. ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ಮ್ಯಾನೇಜ್‌ಮೆಂಟ್ ಕೆಲಸಕ್ಕೆ ಹೋಗುವ ಆಸೆ. ಜರ್ಮನಿಯಲ್ಲೂ ಅಮೆರಿಕದಲ್ಲೂ ಮಾಸ್ಟರ್ಸ್ ಸೀಟು ಸಿಕ್ಕಿದೆ. ಅಮೆರಿಕದಲ್ಲಿ ಥೀಸಿಸ್ ಇಲ್ಲದೆ ಬರೀ ಕೋರ್ಸುಗಳಿಂದಲೂ ಮುಗಿಸಬಹುದಂತೆ. ಜರ್ಮನಿಯವರು ಕಳಿಸಿದ, ಪ್ರತಿ ಪಾಠದ ವಿವರವಿರುವ ಮಾಡ್ಯೂಲ್ ಹ್ಯಾಂಡ್‌ಬುಕ್ ನೂರಾರು ಪುಟವಿದೆ. ಇಲೆಕ್ಟಿವ್ ಆರಿಸುವುದು ಹೇಗೆ? ಥೀಸಿಸ್ ಬೇಕೇ?

ಉತ್ತರ:

ನಿಮ್ಮ ಸಂದರ್ಭದಲ್ಲಿ ಥೀಸಿಸ್ ಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಪುಣೆಯಲ್ಲಿ ವಾಹನ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದು, ನೇಮಕಾತಿಯ ಸಂದರ್ಶನಗಳಲ್ಲೂ ಕೂರುತ್ತೇನೆ. ಮೆಕ್ಯಾನಿಕಲ್ ಹಿನ್ನೆಲೆಯವರು ಬ್ಯಾಟರಿಯ ಸಾಫ್ಟ್‌ವೇರ್ ಕೆಲಸ ಕೇಳಿಕೊಂಡು ಬಂದಾಗ ನಮ್ಮ ಮೊದಲ ಅನುಮಾನ ಒಂದೇ: ಇವರು ಈ ಕೆಲಸವನ್ನು ಎಂದಾದರೂ ಕೈಯಾರೆ ಮಾಡಿದ್ದಾರೆಯೇ? ಅಂಕಪಟ್ಟಿಯಲ್ಲಿ ಎರಡು ಕೋರ್ಸುಗಳ ಹೆಸರು ಹೆಚ್ಚಿಗೆ ಇದ್ದರೆ ಆ ಅನುಮಾನ ತೀರುವುದಿಲ್ಲ. ಒಂದೇ ಸಮಸ್ಯೆಯನ್ನು ಆರು ತಿಂಗಳು ಬಿಡಿಸಿದವರು ಮಾತನಾಡತೊಡಗಿದರೆ ಹತ್ತು ನಿಮಿಷದಲ್ಲಿ ತೀರುತ್ತದೆ. ನೀವು ಈಗಾಗಲೇ ಬ್ಯಾಟರಿ ವಿಭಾಗದಲ್ಲೇ ಇದ್ದು, ಅನುಭವದ ಮೇಲೆ ಒಂದು ಪದವಿ ಮಾತ್ರ ಸೇರಿಸಿಕೊಳ್ಳಬೇಕಿದ್ದರೆ ಕೋರ್ಸುಗಳ ದಾರಿಯೇ ಸಾಕು ಎನ್ನುತ್ತಿದ್ದೆ. ಕ್ಷೇತ್ರ ಬದಲಿಸುವವರ ಲೆಕ್ಕವೇ ಬೇರೆ.

ಅಮೆರಿಕದ ಎಂಎಸ್ ಸಾಮಾನ್ಯವಾಗಿ 30ರ ಆಸುಪಾಸಿನ ಕ್ರೆಡಿಟ್‌ಗಳದ್ದು, ಥೀಸಿಸ್ ತೆಗೆದುಕೊಂಡರೆ ಹಲವೆಡೆ ಅದು ಸುಮಾರು ಎರಡು ಕೋರ್ಸುಗಳ ಜಾಗವನ್ನು ಹಿಡಿಯುತ್ತದೆ. ಅಲ್ಲಿನ ತೊಡಕು ಕ್ರೆಡಿಟ್‌ನದ್ದಲ್ಲ, ಮಾರ್ಗದರ್ಶಕರದ್ದು: ನಿಮ್ಮನ್ನು ಒಪ್ಪಿಕೊಳ್ಳುವ ಪ್ರಾಧ್ಯಾಪಕರನ್ನು ನೀವೇ ಹುಡುಕಬೇಕು, ಅವರಿಗೆ ತೃಪ್ತಿಯಾಗುವವರೆಗೆ ಕೆಲಸ ಮುಗಿಯುವುದಿಲ್ಲ, ಮುಗಿಯದಿದ್ದರೆ ಇನ್ನೊಂದು ಸೆಮಿಸ್ಟರ್‌ನ ಶುಲ್ಕ ನಿಮ್ಮ ತಲೆಯ ಮೇಲೆ. ಆದ್ದರಿಂದ ಅಲ್ಲಿಗೆ ಹೋಗುವುದಾದರೆ ಸೀಟನ್ನು ಒಪ್ಪಿಕೊಳ್ಳುವ ಮೊದಲೇ ಬ್ಯಾಟರಿ ಅಥವಾ ನಿಯಂತ್ರಣ ಸಿದ್ಧಾಂತದ ಪ್ರಾಧ್ಯಾಪಕರಿಗೆ ಬರೆದು, ಎಂಎಸ್ ವಿದ್ಯಾರ್ಥಿಗಳ ಥೀಸಿಸ್‌ಗೆ ಮಾರ್ಗದರ್ಶನ ಮಾಡುತ್ತಾರೆಯೇ ಎಂದು ಕೇಳಿ. ಜರ್ಮನಿಯಲ್ಲಿ ಈ ಆಯ್ಕೆಯೇ ಇಲ್ಲ. ಅಲ್ಲಿ ಮಾಸ್ಟರ್ಸ್‌ಗೆ ಥೀಸಿಸ್ ಕಡ್ಡಾಯ. ಕ್ರೆಡಿಟ್‌ನ ಅಳತೆಯೂ ಅಲ್ಲಿ ಬೇರೆ: ನಾಲ್ಕು ಸೆಮಿಸ್ಟರ್‌ಗಳ 120 ಕ್ರೆಡಿಟ್‌ಗಳಲ್ಲಿ ಸಾಮಾನ್ಯವಾಗಿ 30 ಅದಕ್ಕೇ ಮೀಸಲು, ಅವಧಿಯೂ ಬಹುತೇಕ ಆರು ತಿಂಗಳಿಗೆ ಕಟ್ಟುಬಿದ್ದಿರುತ್ತದೆ.

ಇನ್ನು ಹ್ಯಾಂಡ್‌ಬುಕ್. ಅದನ್ನು ಮೊದಲ ಪುಟದಿಂದ ಓದಹೊರಟರೆ ಇಷ್ಟವಾದ ಹೆಸರುಗಳ ಪಟ್ಟಿಯೊಂದು ತಯಾರಾಗುತ್ತದೆಯೇ ಹೊರತು ಯೋಜನೆ ತಯಾರಾಗುವುದಿಲ್ಲ. ಮೊದಲು ನಿಮಗೆ ಬೇಕಾದ ಉದ್ಯೋಗದ ನಾಲ್ಕೈದು ಜಾಹೀರಾತುಗಳನ್ನು ಎದುರಿಗಿಟ್ಟುಕೊಂಡು, ಮತ್ತೆ ಮತ್ತೆ ಬರುವ ಕೆಲಸಗಳನ್ನು ಬರೆದುಕೊಳ್ಳಿ. ನಿಮ್ಮ ವಿಷಯದಲ್ಲಿ ಮುಖ್ಯವಾಗಿ ಮೂರು ಸಿಗುತ್ತವೆ: ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂಬುದನ್ನು ವೋಲ್ಟೇಜ್, ಕರೆಂಟ್, ಉಷ್ಣತೆಗಳಿಂದ ಅಂದಾಜು ಮಾಡುವುದು, ಅದನ್ನು ನಿಯಂತ್ರಕದ ಮೇಲೆ ಓಡುವ ಕೋಡ್ ಆಗಿಸುವುದು, ಮತ್ತು ಐಎಸ್‌ಒ 26262 ಮಾನದಂಡದ ಪ್ರಕಾರ ಸುರಕ್ಷತೆಯನ್ನು ಸಾಧಿಸಿ ತೋರಿಸುವುದು. ಈ ಕೆಲಸಗಳನ್ನು ಮಾಡ್ಯೂಲ್‌ಗಳ ಹೆಸರಿನಲ್ಲಿ ಹುಡುಕಬೇಡಿ. ಬ್ಯಾಟರಿ ಎಂದು ಹೆಸರಿರುವ ಮಾಡ್ಯೂಲ್ ಪೂರ್ತಿ ವಿದ್ಯುದ್ರಸಾಯನಶಾಸ್ತ್ರದ್ದಾಗಿರಬಹುದು. ನಿಮಗೆ ನಿಜಕ್ಕೂ ಬೇಕಾದ, ಅಳತೆಗಳಿಂದ ಒಳಗಿನ ಸ್ಥಿತಿಯನ್ನು ಅಂದಾಜು ಮಾಡುವ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದ ವಿಧಾನ, ಬ್ಯಾಟರಿಯ ಸುದ್ದಿಯೇ ಇಲ್ಲದ ನಿಯಂತ್ರಣ ವಿಭಾಗದ ಮಾಡ್ಯೂಲ್‌ನಲ್ಲಿ ಅಡಗಿರಬಹುದು. ನೋಡಬೇಕಾದದ್ದು ಕಲಿಕೆಯ ಫಲಿತಾಂಶಗಳೆಂಬ ಭಾಗವನ್ನು, ಅದರಲ್ಲೂ ಕ್ರಿಯಾಪದಗಳನ್ನು. ವಿದ್ಯಾರ್ಥಿ ವಿವರಿಸಬಲ್ಲರು ಎಂದಿದ್ದರೆ ಅದು ಕೇಳಿ ಕಲಿಯುವ ಪಾಠ. ವಿನ್ಯಾಸ ಮಾಡಬಲ್ಲರು, ಅಳವಡಿಸಬಲ್ಲರು ಎಂದಿದ್ದು, ಪರೀಕ್ಷೆಯ ಜಾಗದಲ್ಲಿ ಪ್ರಾಜೆಕ್ಟ್ ವರದಿ ಎಂದಿದ್ದರೆ ಅದರಿಂದ ಕೈಗೆ ಏನಾದರೂ ದಕ್ಕುತ್ತದೆ.

ಮುಂದಿನದು, ಬಹಳ ಜನ ಕಣ್ಣು ಹಾಯಿಸದೆ ದಾಟಿಹೋಗುವ ಒಂದು ಸಾಲು: ಆ ಮಾಡ್ಯೂಲ್ ಚಳಿಗಾಲದ ಸೆಮಿಸ್ಟರ್‌ನಲ್ಲಿ ನಡೆಯುತ್ತದೆಯೋ ಬೇಸಿಗೆಯದ್ದರಲ್ಲೋ ಎಂಬುದು. ಅಕ್ಟೋಬರ್‌ನಲ್ಲಿ ಸೇರುವವರಿಗೆ ಒಂದನೆಯ ಮತ್ತು ಮೂರನೆಯ ಸೆಮಿಸ್ಟರ್ ಚಳಿಗಾಲದವು, ಎರಡನೆಯದು ಬೇಸಿಗೆಯದು. ನಾಲ್ಕನೆಯದೂ ಬೇಸಿಗೆಯದೇ ಆದರೂ ಅದನ್ನು ಥೀಸಿಸ್ ನುಂಗಿಬಿಡುತ್ತದೆ. ಅಂದರೆ ಬೇಸಿಗೆಯಲ್ಲಿ ಮಾತ್ರ ನಡೆಯುವ ಪಾಠಕ್ಕೆ ನಿಮಗಿರುವುದು ಒಂದೇ ಅವಕಾಶ.

ಆದ್ದರಿಂದಲೇ ಹಿಂದಕ್ಕೆ ಓದಿ ಎನ್ನುವುದು. ನಿಮ್ಮ ಥೀಸಿಸ್ ಚಾರ್ಜ್ ಅಂದಾಜಿನ ಮೇಲೆ ಆಗಬೇಕು ಎಂದುಕೊಳ್ಳೋಣ. ಅದನ್ನು ಕೊಡುವ ಪ್ರಾಧ್ಯಾಪಕರ ಬ್ಯಾಟರಿ ಪ್ರಯೋಗಾಲಯದ ಮಾಡ್ಯೂಲ್ ಚಳಿಗಾಲದಲ್ಲಿ, ಮಿತವಾದ ಸೀಟುಗಳೊಂದಿಗೆ ನಡೆಯುತ್ತದೆ. ಅದು ನಿಮ್ಮ ಮೂರನೆಯ ಸೆಮಿಸ್ಟರ್. ಅದಕ್ಕೆ ಅಪೇಕ್ಷಿತ ಪೂರ್ವಜ್ಞಾನವೆಂದು ಸ್ಥಿತಿ ಅಂದಾಜಿನ ಮಾಡ್ಯೂಲನ್ನು ಹೇಳಿದ್ದಾರೆ, ಅದು ಬೇಸಿಗೆಯದು, ಅಂದರೆ ಎರಡನೆಯ ಸೆಮಿಸ್ಟರ್. ಅದಕ್ಕೆ ರೇಖೀಯ ವ್ಯವಸ್ಥೆಗಳ ಸಿದ್ಧಾಂತ ಗೊತ್ತಿರಬೇಕು, ಅದು ಚಳಿಗಾಲದ್ದು, ಅಂದರೆ ನೀವು ಹೋಗಿಳಿದ ಮೊದಲ ತಿಂಗಳಲ್ಲೇ ಹೆಸರು ಹಚ್ಚಬೇಕಾದದ್ದು. ಮೊದಲ ಸೆಮಿಸ್ಟರ್ ಸಲೀಸಾಗಿರಲಿ ಎಂದು ಇದನ್ನು ಮುಂದಕ್ಕೆ ಹಾಕಿದರೆ ಸರಪಳಿ ಅಲ್ಲೇ ಕಡಿಯುತ್ತದೆ, ಮತ್ತೆ ಜೋಡಿಸಲು ಐದನೆಯ ಸೆಮಿಸ್ಟರ್ ಬೇಕಾಗುತ್ತದೆ. ಅಪೇಕ್ಷಿತ ಎಂದಷ್ಟೇ ಇದ್ದರೆ ಬಾಗಿಲಲ್ಲಿ ಯಾರೂ ನಿಮ್ಮನ್ನು ತಡೆಯುವುದಿಲ್ಲ ಎಂಬುದು ನಿಜ, ಆದರೆ ಪ್ರಶ್ನೆಪತ್ರಿಕೆ ಅದು ನಿಮಗೆ ಗೊತ್ತಿದೆ ಎಂದೇ ನಂಬಿಕೊಂಡಿರುತ್ತದೆ. ಮೆಕ್ಯಾನಿಕಲ್‌ನಿಂದ ಹೋಗುವವರು ಎಡವುವುದು ಇಲ್ಲೇ.

ಈ ಸರಪಳಿ ಕೂತ ಮೇಲೆ ಉಳಿದ ಇಲೆಕ್ಟಿವ್‌ಗಳು ಸುಲಭ. ಉದಾಹರಣೆಗೆ ಥೀಸಿಸ್‌ಗೆ 30, ಕಡ್ಡಾಯ ಪಾಠಗಳಿಗೆ 36, ಇಂಟರ್ನ್‌ಶಿಪ್‌ಗೆ 12 ಹೋದರೆ ಉಳಿಯುವುದು 42, ಅಂದರೆ 6 ಕ್ರೆಡಿಟ್‌ಗಳ ಏಳು ಮಾಡ್ಯೂಲ್. ಮೂರು ಸರಪಳಿಗೆ, ಎರಡು ಎಂಬೆಡೆಡ್ ಕೋಡ್‌ಗೆ ಮತ್ತು ಸುರಕ್ಷತೆಗೆ, ಇನ್ನೆರಡು ನಿಮ್ಮ ಖುಷಿಗೆ. ಅವನ್ನು ಹಂಚುವಾಗ ಶ್ರಮದ ಗಂಟೆಗಳನ್ನು ನೋಡಿ. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ, ಹೆಚ್ಚಿನ ಕಡೆ 30. ಹಾಗಾಗಿ 6 ಕ್ರೆಡಿಟ್‌ನ ಮಾಡ್ಯೂಲ್ 180 ಗಂಟೆ ಬೇಡುತ್ತದೆ. ಅದರಲ್ಲಿ ತರಗತಿಯದು 60 ಎಂದಿದ್ದರೆ ಉಳಿದ 120 ಗಂಟೆ ನೀವೇ ಕೂತು ಮಾಡುವ ಕೆಲಸ, ಅದರ ದೊಡ್ಡ ಪಾಲು ಪರೀಕ್ಷೆಯ ಮುಂಚಿನ ವಾರಗಳಿಗೆ ಬಂದು ಬೀಳುತ್ತದೆ. ಲಿಖಿತ ಪರೀಕ್ಷೆಯ ಐದು ಮಾಡ್ಯೂಲ್‌ಗಳನ್ನು ಒಂದೇ ಸೆಮಿಸ್ಟರ್‌ಗೆ ತುಂಬುವ ಬದಲು ಒಂದೆರಡು ಪ್ರಾಜೆಕ್ಟ್ ವರದಿಯವಾದರೆ ಉಸಿರಾಡಲು ಜಾಗವಿರುತ್ತದೆ.

ಹ್ಯಾಂಡ್‌ಬುಕ್ ಬದಲಾಗುತ್ತಲೇ ಇರುತ್ತದೆ, ಮಾಡ್ಯೂಲ್‌ಗಳು ಸದ್ದಿಲ್ಲದೆ ನಿಂತೂ ಹೋಗುತ್ತವೆ. ಎಷ್ಟು ಕ್ರೆಡಿಟ್ ಆದ ಮೇಲೆ ಥೀಸಿಸ್‌ಗೆ ನೋಂದಾಯಿಸಬಹುದು, ಒಂದು ಪರೀಕ್ಷೆಯನ್ನು ಎಷ್ಟು ಸಲ ಬರೆಯಬಹುದು ಎಂಬಂಥ ಕಟ್ಟುನಿಟ್ಟಿನ ಸಂಗತಿಗಳು ಪರೀಕ್ಷಾ ನಿಯಮಾವಳಿಯಲ್ಲಿರುತ್ತವೆ. ನೀವು ಸೇರುವ ವರ್ಷಕ್ಕೆ ಅನ್ವಯಿಸುವ ಆವೃತ್ತಿಯನ್ನೇ ಇಳಿಸಿಕೊಳ್ಳಿ. ಭಾಷೆಯ ಸಾಲಿನಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ಎರಡೂ ಇದ್ದರೆ ಆ ವರ್ಷ ಯಾವುದರಲ್ಲಿ ಪಾಠವೆಂದು ಮಾಡ್ಯೂಲ್‌ನ ಹೊಣೆ ಹೊತ್ತವರಿಗೆ ಈಗಲೇ ಮಿಂಚಂಚೆ ಬರೆದು ಕೇಳಿ. ಸರಪಳಿಯ ಮೂರೂ ಮಾಡ್ಯೂಲ್‌ಗಳಿಗೆ ಈ ವಿಚಾರಣೆ ಆಗಲೇಬೇಕು.

ಥೀಸಿಸ್ಸನ್ನು ಅಲ್ಲಿನ ಕಂಪನಿಯೊಂದರಲ್ಲಿ ಮಾಡುವ ದಾರಿಯೂ ಇದೆ. ಹಣ ಸಿಗುವುದುಂಟು, ಅಲ್ಲೇ ಕೆಲಸ ಸಿಕ್ಕರೂ ಸಿಗಬಹುದು. ಆದರೆ ವಿಷಯವನ್ನು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಒಪ್ಪಿ, ಪರೀಕ್ಷಕರಾಗಲೇಬೇಕು, ಮತ್ತು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದರೆ ಮುಂದೆ ನಮ್ಮಂಥವರ ಎದುರು ಕೂತಾಗ ನೀವು ಮಾಡಿದ್ದರ ಅರ್ಧವನ್ನೂ ಹೇಳಲಾಗದು. ಸಹಿ ಮಾಡುವ ಮೊದಲು, ಪರೀಕ್ಷಾ ದತ್ತಾಂಶ ಗೋಪ್ಯವಾಗಿರಲಿ, ಬಳಸಿದ ವಿಧಾನವನ್ನು ಮಾತ್ರ ಹೇಳಬಹುದೇ ಎಂದು ಲಿಖಿತವಾಗಿ ಕೇಳಿ ಪಡೆಯಿರಿ.