ನಾಯಿ ಕಣ್ಣಿನ ಬಿಳಿ ತೋರಿಸಿ ತುಟಿ ನೆಕ್ಕೋದು ಯಾಕೆ?

"ಮಗ ಅಪ್ಪಿಕೊಂಡರೆ ನಮ್ಮ ನಾಯಿ ಕಣ್ಣಿನ ಬಿಳಿ ತೋರಿಸುತ್ತೆ, ತುಟಿ ನೆಕ್ಕುತ್ತೆ. ಯಾಕೆ?"

ಅದಕ್ಕೆ ಇರುಸುಮುರುಸು ಆಗಿದೆ. ಮುಖ ಆ ಕಡೆ ತಿರುಗಿಸಿದರೂ ಕಣ್ಣು ಹುಡುಗನ ಮೇಲೇ ಇರುತ್ತದೆ. ಅದಕ್ಕೇ ಕಣ್ಣಂಚಿನಲ್ಲಿ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತದೆ. ತುಟಿ ನೆಕ್ಕುವುದು 'ಜಗಳ ಬೇಡ, ಸ್ವಲ್ಪ ದೂರ ಸರಿ' ಅನ್ನುವ ಸೂಚನೆ.

ಧಾರವಾಡದ ನಮ್ಮ ಮನೆಯಲ್ಲೂ ಅಕ್ಕನ ಮಗಳು ನಾಯಿಯ ಕುತ್ತಿಗೆಗೆ ಜೋತುಬಿದ್ದಿದ್ದಳು. ನಾಯಿ ಬಾಯಿ ಮುಚ್ಚಿ ಮೈ ಬಿಗಿ ಹಿಡಿಯಿತು. ನಾಲಿಗೆ ಮೂಗಿನ ತನಕ ಸರ್ರನೆ ಬಂದು ಹೋಯಿತು. ಎದುರಿಗೆ ತಿಂಡಿಯೇನೂ ಇರಲಿಲ್ಲ! ಅವಳನ್ನು ಬಿಡಿಸಿದ ಕೂಡಲೇ ಮೈ ಕೊಡವಿಕೊಂಡು ಹೋಯಿತು.

ಆಗ ನಾಯಿಗೆ ಬೈಬೇಡಿ, ಮಗುವನ್ನು ಸರಿಸಿ. ಸುಮ್ನೆ ಬಿಟ್ಟರೆ ಮುಂದೆ ಗುರ್ ಅನ್ನಬಹುದು, ಕಚ್ಚಲೂಬಹುದು. ಪಗ್‌ಗಳ ಕಣ್ಣು ಉಬ್ಬಿರುವುದರಿಂದ ಬಿಳಿ ಸುಮ್ಮಸುಮ್ಮನೆ ಕಾಣುತ್ತದೆ. ಅಲ್ಲಿ ಮೈಯ ಬಿಗಿತ ನೋಡಿ.